ಹೊಗಳಿದ ಮಾತು ಬೈದಂತೆ ಕೇಳಿಸುವುದು ಹೇಗೆ?

ಅಡುಗೆಮನೆಯ ನಲ್ಲಿ ಸೋರುತ್ತಿದೆ. ಫೋನ್ ಮಾಡಿದರೆ ಪ್ಲಂಬರ್, "ನಾಳೆ ಬೆಳಗ್ಗೆ ಹತ್ತು ಗಂಟೆಗೆಲ್ಲ ಬಂದ್ಬಿಡ್ತೀನಮ್ಮ" ಅನ್ನುತ್ತಾನೆ. ಮರುದಿನ ಮನೆಯಾಕೆ ಎಲ್ಲಿಗೂ ಹೋಗದೆ ಕಾಯುತ್ತಾಳೆ. ಆತ ಬಾಗಿಲು ತಟ್ಟುವಾಗ ಸಂಜೆ ನಾಲ್ಕೂವರೆ. ಆಕೆ ಬಾಗಿಲು ತೆಗೆದು ಹೇಳುವುದು ಇಷ್ಟೇ: "ಬಾರಪ್ಪಾ ಬಾ, ಹತ್ತು ಗಂಟೆಗೆಲ್ಲ ಬಂದ್ಬಿಟ್ಟೆ!" ಆತ ತಲೆ ಕೆರೆದುಕೊಂಡು, "ಏನ್ ಮಾಡೋದಮ್ಮ, ಇನ್ನೊಂದು ಮನೇಲಿ ಪೈಪು ಒಡೆದುಹೋಗಿತ್ತು" ಎಂದು ಸಮಜಾಯಿಷಿ ಕೊಡುತ್ತಾನೆ.

ಇಂಥ ಮಾತುಕತೆ ಎಲ್ಲ ಮನೆಯಲ್ಲೂ ನಡೆಯುತ್ತದೆ. ಆದರೆ ಆಡಿದ ಪದಗಳನ್ನಷ್ಟೇ ಎದುರಿಗಿಟ್ಟುಕೊಂಡು ನೋಡಿದರೆ ಇದು ಸೋಜಿಗದ ಸಂಗತಿ. ಆತ ಹತ್ತಕ್ಕೆ ಬಂದ ಎಂದು ಆಕೆ ಹೇಳಿದಳು. ತಡವಾಯಿತು ಎಂಬ ಪದ ಆಕೆಯ ಬಾಯಿಂದ ಬರಲಿಲ್ಲ. ಯಾಕೆ ತಡ ಎಂದು ಆಕೆ ಕೇಳಲೂ ಇಲ್ಲ. ಆದರೂ ಆತನ ಉತ್ತರ ಕೇಳದೇ ಇದ್ದ ಆ ಪ್ರಶ್ನೆಗೇ ನೇರವಾಗಿ ಹೋಗಿ ತಾಗಿತು. "ಇಲ್ಲಮ್ಮ, ಈಗ ನಾಲ್ಕೂವರೆ, ನಿಮ್ಮ ಗಡಿಯಾರ ಸರಿಯಿಲ್ಲ" ಎಂದು ಆತ ತಿದ್ದಲಿಲ್ಲ. ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂದೂ ಅವನಿಗೆ ಅನ್ನಿಸಲಿಲ್ಲ. ಒಂದೆರಡು ಕ್ಷಣದೊಳಗೆ ಅವನ ಮನಸ್ಸು ಮಾಡಿದ ಕೆಲಸ ಯಾವುದು? ಭಾಷೆಯ ಬಳಕೆಯನ್ನು ಅಧ್ಯಯನ ಮಾಡುವವರು ಈ ಪ್ರಶ್ನೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಎಳೆದಾಡುತ್ತಿದ್ದಾರೆ. ಅವರ ಜಗಳದಲ್ಲಿ ಕನ್ನಡಿಗರಿಗೆ ವಿಶೇಷವಾಗಿ ಕೆಲಸಕ್ಕೆ ಬರುವ ಸರಕಿದೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಯಾರನ್ನೇ ಕೇಳಿದರೂ ಮೊದಲು ಸಿಗುವ ಉತ್ತರ, "ವ್ಯಂಗ್ಯ ಅಂದರೆ ಹೇಳುವುದೊಂದು, ಅರ್ಥ ಅದಕ್ಕೆ ಉಲ್ಟಾ" ಎನ್ನುವುದು. ಈ ಉತ್ತರಕ್ಕೆ ದೊಡ್ಡ ಮನೆತನವಿದೆ. ನಮ್ಮ ಅಲಂಕಾರಶಾಸ್ತ್ರ ಇದನ್ನು ವಿಪರೀತ ಲಕ್ಷಣೆ ಎಂದು ಕರೆಯಿತು. ಪದದ ಮುಖ್ಯಾರ್ಥ ಸಂದರ್ಭಕ್ಕೆ ಹೊಂದದೆ ಬಾಧೆಗೊಳಗಾದಾಗ ಕೇಳುಗ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥಕ್ಕೆ ಹೋಗುತ್ತಾನೆ. ವಿಪರೀತ ಲಕ್ಷಣೆಯಲ್ಲಿ ಆ ಸಂಬಂಧ ವೈರುಧ್ಯದ್ದು. ಕೆಡುಕು ಮಾಡಿದವನಿಗೆ "ಎಷ್ಟೊಂದು ಉಪಕಾರ ಮಾಡಿದೆ" ಎನ್ನುವ ಬಗೆಯ ಪದ್ಯವೊಂದನ್ನು 11ನೇ ಶತಮಾನದ ಕಾಶ್ಮೀರದ ಮಮ್ಮಟ ತನ್ನ 'ಕಾವ್ಯಪ್ರಕಾಶ'ದಲ್ಲಿ ಉದಾಹರಣೆಯಾಗಿ ಕೊಡುತ್ತಾನೆ. ಪಶ್ಚಿಮದಲ್ಲಿ ಇದೇ ದಾರಿಯ ಆಧುನಿಕ ರೂಪವನ್ನು ಕೊಟ್ಟವನು ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್. 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವನು ಹೇಳಿದ್ದು ಹೀಗೆ: ಮಾತನಾಡುವವರು ನಿಜವನ್ನೇ ಹೇಳುತ್ತಾರೆ ಎಂದು ನಾವು ನಂಬಿಕೊಂಡಿರುತ್ತೇವೆ. ಯಾರಾದರೂ ಎಲ್ಲರಿಗೂ ಕಾಣುವಂತೆ ಆ ನಿಯಮವನ್ನು ಮುರಿದರೆ, ಅವರಿಗೆ ಬೇರೇನನ್ನೋ ಹೇಳಬೇಕಾಗಿದೆ ಎಂದು ಊಹಿಸುತ್ತೇವೆ. ಆ ಬೇರೇನೋ ಎನ್ನುವುದಕ್ಕೆ ಹತ್ತಿರದಲ್ಲೇ ಸಿಗುವ ಅಭ್ಯರ್ಥಿ ಆಡಿದ ಮಾತಿನ ವಿರುದ್ಧಾರ್ಥ.

ಪ್ಲಂಬರ್‌ಗೆ ಆಡಿದ ಮಾತಿಗೆ ಇದು ಸಲೀಸಾಗಿ ಹೊಂದುತ್ತದೆ. ಹತ್ತಕ್ಕೆ ಬಂದೆ ಎಂದರೆ ಹತ್ತಕ್ಕೆ ಬರಲಿಲ್ಲ. ಆದರೆ ಮನೆಯಾಕೆಯ ಬಾಯಲ್ಲಿ ಇನ್ನೆರಡು ಮಾತು ಇಟ್ಟು ನೋಡಿ. "ಹೇಳಿದ ಹೊತ್ತಿಗೆ ಬರೋರನ್ನ ಕಂಡ್ರೆ ನನಗೆ ತುಂಬಾ ಗೌರವ ಕಣಪ್ಪ" ಎಂದು ಆಕೆ ಹೇಳಿದ್ದರೆ? ಇದೂ ಅಷ್ಟೇ ಚೆನ್ನಾಗಿ ಚುಚ್ಚುತ್ತದೆ. ಆದರೆ ಇದರ ವಿರುದ್ಧಾರ್ಥ, ಹೊತ್ತಿಗೆ ಸರಿಯಾಗಿ ಬರುವವರ ಮೇಲೆ ಆಕೆಗೆ ಗೌರವವಿಲ್ಲ ಎಂಬುದು. ಆಕೆಯ ಮನಸ್ಸಿನಲ್ಲಿ ಅದು ಇಲ್ಲವೇ ಇಲ್ಲ. ಆಡಿದ ಮಾತು ಅಕ್ಷರಶಃ ನಿಜ, ಮತ್ತು ವ್ಯಂಗ್ಯವೂ ಹೌದು. ಅಥವಾ ಆಕೆ, "ಯಾಕಪ್ಪಾ ಇಷ್ಟು ಅವಸರ, ನಾಳೆ ಬಂದಿದ್ರೆ ಆಗ್ತಿರ್ಲಿಲ್ವಾ?" ಎಂದು ಕೇಳಿದ್ದರೆ? ಪ್ರಶ್ನೆಗೆ ಸುಳ್ಳು, ನಿಜ ಎಂಬುದಿಲ್ಲ. ಅದನ್ನು ತಿರುಗಿಸಿದರೆ ಏನು ಬರಬೇಕು ಎಂದು ಹೇಳುವುದೂ ಕಷ್ಟ. ಹಾಗಿದ್ದೂ ಪ್ಲಂಬರ್ ಮೂರೂ ಸಲ ಅದೇ ರೀತಿ ತಲೆ ಕೆರೆದುಕೊಳ್ಳುತ್ತಾನೆ. ಮೂರಕ್ಕೂ ಸಮಾನವಾದದ್ದು ಯಾವುದೋ ಅದೇ ವ್ಯಂಗ್ಯದ ತಿರುಳಾಗಿರಬೇಕು, ಮತ್ತು ಅದು ವಿರುದ್ಧಾರ್ಥ ಅಲ್ಲ.

ಗ್ರೈಸ್ ಪ್ರಾಮಾಣಿಕ ಚಿಂತಕ. ತನ್ನ ವಿವರಣೆಯ ತೂತನ್ನು ತಾನೇ ತೋರಿಸಿದ. 1978ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಕೊಡುವ ಪ್ರಸಂಗ ಇದು: ಇಬ್ಬರು ದಾರಿಯಲ್ಲಿ ಹೋಗುತ್ತಿದ್ದಾರೆ. ಕಿಟಕಿಯ ಗಾಜು ಒಡೆದ ಕಾರೊಂದು ನಿಂತಿದೆ. ಒಬ್ಬ ಅದನ್ನು ತೋರಿಸಿ, ಆ ಕಾರಿನ ಗಾಜುಗಳೆಲ್ಲ ಸರಿಯಾಗಿವೆ ನೋಡು ಅನ್ನುತ್ತಾನೆ. ಇನ್ನೊಬ್ಬ ಏನೂ ಅರ್ಥವಾಗದೆ ಅವನ ಮುಖ ನೋಡುತ್ತಾನೆ. ನಿಯಮ ಎದ್ದು ಕಾಣುವಂತೆ ಮುರಿದಿದೆ. ವಿರುದ್ಧಾರ್ಥ ಕಣ್ಣೆದುರಿಗೇ ಇದೆ. ಆದರೂ ಇಲ್ಲಿ ವ್ಯಂಗ್ಯ ಹುಟ್ಟುವುದಿಲ್ಲ, ಪೆದ್ದುತನ ಮಾತ್ರ ಉಳಿಯುತ್ತದೆ. ವ್ಯಂಗ್ಯಕ್ಕೆ ಒಂದು ಭಾವ, ಒಂದು ಧೋರಣೆ, ಒಂದು ತೀರ್ಪು ಜೊತೆಗಿರಬೇಕು ಎಂದು ಗ್ರೈಸ್ ಸೇರಿಸಿದ. ಸರಿ, ಆದರೆ ಯಾವುದರ ಬಗೆಗಿನ ಧೋರಣೆ?

ಈಗ ಆ ಕಾರಿನ ಪ್ರಸಂಗವನ್ನು ಸ್ವಲ್ಪ ಬದಲಾಯಿಸೋಣ. ನಿನ್ನೆ ರಾತ್ರಿ ಕಾರಿನ ಯಜಮಾನ, "ಈ ಬೀದೀಲಿ ಎಲ್ಲಿ ಬೇಕಾದ್ರೂ ಗಾಡಿ ನಿಲ್ಲಿಸಿ, ಒಂದು ಗೀರು ಬೀಳಲ್ಲ" ಎಂದು ಜಂಬ ಕೊಚ್ಚಿಕೊಂಡಿದ್ದ ಎಂದಿಟ್ಟುಕೊಳ್ಳಿ. ಬೆಳಗ್ಗೆ ಒಡೆದ ಗಾಜಿನ ಮುಂದೆ ನಿಂತು ಗೆಳೆಯ, "ಒಂದು ಗೀರೂ ಬಿದ್ದಿಲ್ಲ ನೋಡು" ಅಂದರೆ ಕೂಡಲೇ ತಾಗುತ್ತದೆ. ಕಾರು ಅದೇ, ಗಾಜು ಅದೇ, ವಾಸ್ತವಕ್ಕೂ ಮಾತಿಗೂ ಇರುವ ಅಂತರವೂ ಅದೇ. ಹೊಸದಾಗಿ ಬಂದದ್ದು ಒಂದೇ. ಈ ಮಾತನ್ನು ಅಥವಾ ಈ ಯೋಚನೆಯನ್ನು ಮೊದಲು ಹೊತ್ತ ಇನ್ನೊಬ್ಬ ಮನುಷ್ಯ ಬಂದಿದ್ದಾನೆ.

ಫ್ರೆಂಚ್ ವಿದ್ವಾಂಸ ಡ್ಯಾನ್ ಸ್ಪರ್ಬರ್ ಮತ್ತು ಬ್ರಿಟನ್ನಿನ ಭಾಷಾಶಾಸ್ತ್ರಜ್ಞೆ ಡೀರ್ಡ್ರಿ ವಿಲ್ಸನ್ 1981ರಲ್ಲಿ ಮುಂದಿಟ್ಟ ಪ್ರತಿಧ್ವನಿ ವಾದದ ಮೂಲ ಇಲ್ಲಿದೆ. ವ್ಯಂಗ್ಯವಾಡುವವರು ಆ ಮಾತನ್ನು ತಮ್ಮ ಅಭಿಪ್ರಾಯವಾಗಿ ಹೇಳುತ್ತಲೇ ಇಲ್ಲ ಎನ್ನುತ್ತಾರೆ ಅವರು. ಬೇರೆ ಯಾರೋ ಆಡಿದ ಮಾತನ್ನೋ, ಯಾರೋ ಇಟ್ಟುಕೊಂಡಿದ್ದ ನಿರೀಕ್ಷೆಯನ್ನೋ, ಎಲ್ಲರೂ ಒಪ್ಪಿದ ರೀತಿನೀತಿಯನ್ನೋ ಎತ್ತಿ ತೋರಿಸಿ, ಇದು ಎಂಥ ಹುಸಿ, ಎಂಥ ನಗೆಪಾಟಲು ಎಂಬ ತಮ್ಮ ಧೋರಣೆಯನ್ನು ಅದರ ಮೇಲೆ ಹೊರಿಸುತ್ತಾರೆ. ಪ್ಲಂಬರ್‌ಗೆ ಮನೆಯಾಕೆ ಹೇಳಿದ "ಹತ್ತು ಗಂಟೆಗೆಲ್ಲ" ಎನ್ನುವುದು ಅವನದೇ ಮಾತು. ಅವನು ಆಡಿದ "ಎಲ್ಲ" ಕೂಡ ಅದರಲ್ಲಿ ಹಾಗೇ ಉಳಿದಿದೆ. ತನ್ನ ಮಾತು ತನಗೇ ತಿರುಗಿ ಬಂದದ್ದು ಕೇಳಿಸಿದ್ದರಿಂದಲೇ ಅವನು ಗಡಿಯಾರವನ್ನು ತಿದ್ದಲು ಹೋಗದೆ ಮಾತು ತಪ್ಪಿದ್ದಕ್ಕೆ ಕಾರಣ ಹೇಳಿದ.

ಉಳಿದೆರಡು ಮಾತುಗಳಿಗೂ ಇದು ಹೊಂದುತ್ತದೆ. "ಹೇಳಿದ ಹೊತ್ತಿಗೆ ಬರೋರನ್ನ ಕಂಡ್ರೆ ಗೌರವ" ಎನ್ನುವುದು ಆಕೆಯ ನಿಜವಾದ ನಂಬಿಕೆಯೇ. ಆದರೆ ಆ ಹೊತ್ತಿನಲ್ಲಿ, ಆ ಮನುಷ್ಯನ ಎದುರಿಗೆ ಹೇಳಿದ್ದರಿಂದ ಅದು ಅವನನ್ನು ಹೊಗಳಲು ಬಳಸಬಹುದಾಗಿದ್ದ ಮಾತಿನಂತೆ ಕೇಳಿಸುತ್ತದೆ. ಆ ಹೊಗಳಿಕೆ ಸಲ್ಲುತ್ತದೆ ಎಂಬ ಯೋಚನೆಯನ್ನು ಆಕೆ ದೂರ ತಳ್ಳುತ್ತಿದ್ದಾಳೆಯೇ ಹೊರತು ಗೌರವವನ್ನಲ್ಲ. "ಯಾಕಪ್ಪಾ ಅವಸರ" ಎಂಬ ಪ್ರಶ್ನೆ ಇನ್ನೂ ಸ್ಪಷ್ಟ. ಓಡೋಡಿ ಬಂದವರಿಗೆ ಕೇಳುವ ಪ್ರಶ್ನೆ ಅದು. ಅಂಥವರಿಗೆ ಮಾತ್ರ ಒಪ್ಪುವ ಪ್ರಶ್ನೆಯನ್ನು ಎತ್ತಿ ತಂದು ಆಕೆ ಅಲ್ಲಿಟ್ಟಿದ್ದಾಳೆ.

ಕನ್ನಡಿಗರಿಗೆ ಈ ವಾದ ಸುಲಭವಾಗಿ ಹತ್ತಿರವಾಗುವುದಕ್ಕೆ ನಮ್ಮ ವ್ಯಾಕರಣವೇ ಕಾರಣ. ಇನ್ನೊಬ್ಬರಿಂದ ಕೇಳಿದ ಸಂಗತಿಯನ್ನು ಹೇಳುವಾಗ ನಾವು ಕ್ರಿಯಾಪದದ ಕೊನೆಗೆ 'ಅಂತೆ' ಸೇರಿಸುತ್ತೇವೆ. "ನಾಳೆ ಮಳೆ ಬರುತ್ತಂತೆ" ಎಂದರೆ ಈ ಮಾತಿನ ಹೊಣೆ ನನ್ನದಲ್ಲ, ಯಾರೋ ಹೇಳಿದ್ದು ಎಂದರ್ಥ. ಇದರಲ್ಲಿ ವ್ಯಂಗ್ಯವೇನೂ ಇಲ್ಲ, ಬರೀ ವರದಿ. ಈಗ ಅದೇ 'ಅಂತೆ'ಯನ್ನು ಸ್ವಲ್ಪ ಎಳೆದು, ಗಂಟಲಲ್ಲಿ ಒಂದಿಷ್ಟು ಭಾರ ಇಟ್ಟು ಹೇಳಿ: "ಹತ್ತು ಗಂಟೆಗೆಲ್ಲ ಬರ್ತಾನಂತೆ!" ವರದಿ ಮಾಯವಾಗಿ ಕೊಂಕು ಬಂತು. "ಇವನು ನನಗೆ ಬುದ್ಧಿ ಹೇಳ್ತಾನಂತೆ", "ಇದೊಂದು ಕೆಲಸ ಅಂತೆ" ಎಂಬ ಮಾತುಗಳನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇವೆ! ಇನ್ನೊಬ್ಬರ ಮಾತನ್ನು ಹೊತ್ತು ತರುವ ಸಾಧನಕ್ಕೇ ತಿರಸ್ಕಾರದ ದನಿ ಸೇರಿದರೆ ವ್ಯಂಗ್ಯ ತಯಾರಾಗುತ್ತದೆ ಎಂಬುದನ್ನು ಇದಕ್ಕಿಂತ ಬಿಡಿಸಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಹಾಗೆಂದು 'ಅಂತೆ' ಇದ್ದರೇ ವ್ಯಂಗ್ಯ ಎಂದಲ್ಲ. "ಬಾರಪ್ಪಾ, ಹತ್ತು ಗಂಟೆಗೆಲ್ಲ ಬಂದ್ಬಿಟ್ಟೆ" ಎಂಬುದರಲ್ಲಿ ಅದಿಲ್ಲ. ಅಲ್ಲಿ ಮಾತು ಯಾರದು ಎಂಬುದನ್ನು ಕೇಳುಗ ತಾನೇ ಹುಡುಕಿಕೊಳ್ಳಬೇಕು. ಹುಡುಕಲು ಬಿಟ್ಟದ್ದರಿಂದಲೇ ಅದರ ಏಟು ಹೆಚ್ಚು.

ಪ್ರತಿಧ್ವನಿ ವಾದಕ್ಕೆ ಇನ್ನೊಂದು ಬಲವಿದೆ. ವ್ಯಂಗ್ಯ ಎರಡೂ ದಿಕ್ಕಿನಲ್ಲಿ ಸಮನಾಗಿ ಓಡುವುದಿಲ್ಲ. ಹೊಗಳಿಕೆಯ ಮಾತಿನಲ್ಲಿ ತೆಗಳುವುದು ಯಾವಾಗಲೂ ಸಾಧ್ಯ. ತೆಗಳಿಕೆಯ ಮಾತಿನಲ್ಲಿ ಹೊಗಳುವುದು ಅಪರೂಪ. ವಿರುದ್ಧಾರ್ಥವೇ ಎಲ್ಲ ಆಗಿದ್ದರೆ ಈ ಓರೆ ಇರಬಾರದಿತ್ತು. ಹಬ್ಬದ ಹೋಳಿಗೆ ಹದವಾಗಿ ಬಂದಿದೆ. ಯಾರೋ ಒಬ್ಬರು ಎಲೆಯ ಮುಂದೆ ಕೂತು, "ಹೋಳಿಗೆ ಪೂರ್ತಿ ಕೆಟ್ಟುಹೋಗಿದೆ" ಎಂದು ಘೋಷಿಸಿದರೆ ಪಂಕ್ತಿಯಲ್ಲಿದ್ದವರು ಬೆಚ್ಚಿ ನೋಡುತ್ತಾರೆ, ಮಾಡಿದಾಕೆಯ ಮುಖ ಬಾಡುತ್ತದೆ. ಆದರೆ ಬೆಳಗ್ಗಿನಿಂದ ಸೊಸೆ, "ಕಣಕ ಗಟ್ಟಿಯಾಯ್ತು ಅತ್ತೆ, ಹೋಳಿಗೆ ಕೆಟ್ಟೋಗುತ್ತೆ" ಎಂದು ಹತ್ತು ಸಲ ಪೇಚಾಡಿದ್ದರೆ, ಊಟ ಮುಗಿದ ಮೇಲೆ ಅತ್ತೆ ಖಾಲಿ ತಟ್ಟೆ ತೋರಿಸಿ, "ಹೌದಮ್ಮ, ಪೂರ್ತಿ ಕೆಟ್ಟೋಗಿತ್ತು, ಅದಕ್ಕೇ ಒಂದೂ ಉಳಿದಿಲ್ಲ" ಎಂದರೆ ಎಲ್ಲರೂ ನಗುತ್ತಾರೆ. ಸೊಸೆಗೆ ಅದು ಆ ದಿನದ ದೊಡ್ಡ ಮೆಚ್ಚುಗೆ.

ಎರಡು ಸಂದರ್ಭಗಳ ನಡುವೆ ಇರುವ ವ್ಯತ್ಯಾಸ ಸೊಸೆಯ ಪೇಚಾಟ. ಪ್ರತಿಧ್ವನಿಸಲು ಮೊದಲೊಂದು ದನಿ ಬೇಕು. ಹೊಗಳಿಕೆಯ ಮಾತಿಗೆ ಅದು ಸದಾ ಸಿದ್ಧವಿರುತ್ತದೆ, ಏಕೆಂದರೆ ಅಡುಗೆ ರುಚಿಯಾಗಿರಬೇಕು, ಜನ ಹೊತ್ತಿಗೆ ಬರಬೇಕು, ಗೆಳೆಯ ನಂಬಿಕೆಗೆ ಅರ್ಹನಾಗಿರಬೇಕು ಎಂಬ ನಿರೀಕ್ಷೆಯನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಇಟ್ಟುಕೊಂಡಿರುತ್ತಾರೆ. ಅಡುಗೆ ಕೆಟ್ಟಿರಬೇಕು ಎಂಬ ನಿರೀಕ್ಷೆ ಯಾರಿಗೂ ಇರುವುದಿಲ್ಲ. ಅದನ್ನು ಯಾರಾದರೂ ಅವತ್ತು ಹೇಳಿರಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ರೋಜರ್ ಕ್ರೂಜ್ ಮತ್ತು ಸ್ಯಾಮ್ ಗ್ಲಕ್ಸ್‌ಬರ್ಗ್ 1989ರಲ್ಲಿ ಪುಟ್ಟ ಪುಟ್ಟ ಕತೆಗಳನ್ನು ಓದುಗರಿಗೆ ಕೊಟ್ಟು ಇದನ್ನೇ ಪರೀಕ್ಷಿಸಿದರು. ಹೊಗಳಿಕೆಯ ರೂಪದ ಕೊಂಕನ್ನು ಗುರುತಿಸಲು ಹಿಂದಿನ ಮಾತು ಬೇಕಾಗಲಿಲ್ಲ. ತೆಗಳಿಕೆಯ ರೂಪದ್ದನ್ನು ಗುರುತಿಸಲು ಹಿಂದೆ ಯಾರೋ ಆಡಿದ ಮಾತು ಕತೆಯಲ್ಲಿ ಇರಬೇಕಾಯಿತು.

ಇಷ್ಟಾದರೂ ಎಲ್ಲರೂ ಇದನ್ನು ಒಪ್ಪಲಿಲ್ಲ. 1984ರಲ್ಲಿ ಸ್ಪರ್ಬರ್ ಮತ್ತು ಸಂಗಡಿಗರು ಪ್ರತಿಧ್ವನಿ ವಾದವನ್ನು ಪ್ರಯೋಗಕ್ಕೊಡ್ಡಿ ಬರೆದ ಲೇಖನ ಬಂದ ಪತ್ರಿಕೆಯಲ್ಲೇ ಹರ್ಬರ್ಟ್ ಕ್ಲಾರ್ಕ್ ಮತ್ತು ರಿಚರ್ಡ್ ಗೆರಿಗ್ ಎಂಬ ಮನೋವಿಜ್ಞಾನಿಗಳು ಅದಕ್ಕೆ ಎದುರು ನಿಂತರು. ಅವರದು ಸೋಗಿನ ವಾದ. ವ್ಯಂಗ್ಯವಾಡುವವರು ಯಾರ ಮಾತನ್ನೂ ಎತ್ತಿ ತೋರಿಸುತ್ತಿಲ್ಲ, ಅವರು ವೇಷ ಹಾಕುತ್ತಿದ್ದಾರೆ ಎನ್ನುತ್ತಾರೆ ಇವರು. ತಿಳಿವಳಿಕೆಯಿಲ್ಲದ ಒಬ್ಬ ಮನುಷ್ಯನಾಗಿ, ಅದನ್ನು ನಂಬಿಬಿಡುವ ಒಬ್ಬ ಕಲ್ಪಿತ ಕೇಳುಗನಿಗೆ ಆ ಮಾತನ್ನು ಹೇಳುವಂತೆ ನಟಿಸುತ್ತಾರೆ. ನಿಜವಾದ ಕೇಳುಗ ಆ ನಟನೆಯನ್ನು ಕಂಡುಹಿಡಿಯಬೇಕು, ವೇಷಧಾರಿಯನ್ನೂ ಅವನನ್ನು ನಂಬುವವನನ್ನೂ ಒಟ್ಟಿಗೆ ಗೇಲಿ ಮಾಡುವ ಸುಖದಲ್ಲಿ ಪಾಲುಗೊಳ್ಳಬೇಕು.

ಅವರ ದೊಡ್ಡ ಸಾಕ್ಷಿ ಜೊನಾಥನ್ ಸ್ವಿಫ್ಟ್ 1729ರಲ್ಲಿ ಪ್ರಕಟಿಸಿದ 'ಎ ಮಾಡೆಸ್ಟ್ ಪ್ರೊಪೋಸಲ್' ಎಂಬ ಕರಪತ್ರ. ಐರ್ಲೆಂಡಿನ ಬಡತನ ನೀಗಲು ಬಡವರ ಒಂದು ವರ್ಷದ ಮಕ್ಕಳನ್ನು ಸ್ಥಿತಿವಂತರ ಊಟಕ್ಕೆ ಮಾರಬಹುದು ಎಂದು ಅದರಲ್ಲಿ ಲೆಕ್ಕಾಚಾರ ಸಮೇತ, ಅಳುಕಿಲ್ಲದೆ ಸಲಹೆ ಕೊಡಲಾಗಿದೆ. ಯಾರೂ ಯಾವತ್ತೂ ಆಡಿರದ ಸಲಹೆ ಇದು. ಎಲ್ಲರ ಮನಸ್ಸಿನಲ್ಲಿ ಇದ್ದ ನಿರೀಕ್ಷೆಯಂತೂ ಅಲ್ಲ. ಹಾಗಾದರೆ ಇದು ಯಾರ ಮಾತಿನ ಪ್ರತಿಧ್ವನಿ? ಇದು ವೇಷ, ಬಡವರನ್ನು ಅಂಕಿಯಾಗಿ ಮಾತ್ರ ನೋಡುವ ಒಬ್ಬ ಲೆಕ್ಕಿಗನ ವೇಷ ಎಂದರು ಕ್ಲಾರ್ಕ್ ಮತ್ತು ಗೆರಿಗ್. ಕರಪತ್ರದ ಉದ್ದಕ್ಕೂ ಆ ಮನುಷ್ಯನ ಸ್ವಭಾವ, ಅವನ ನಯ, ಲೋಕಕಲ್ಯಾಣ ಮಾಡುತ್ತಿದ್ದೇನೆ ಎಂಬ ಅವನ ಸಮಾಧಾನ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಒಂದು ವಾಕ್ಯವನ್ನು ಎತ್ತಿ ತೋರಿಸುವುದಕ್ಕಿಂತ ಇದು ಬೇರೆಯೇ ಕೆಲಸ ಎಂಬುದನ್ನು ಒಪ್ಪಲೇಬೇಕು.

ಸೋಗಿನ ವಾದಕ್ಕೂ ನಮ್ಮ ಮನೆಗಳಲ್ಲಿ ಸಾಕ್ಷಿಯಿದೆ. ಒಂಬತ್ತು ಗಂಟೆಗೆ ಎದ್ದು ಬಂದ ಮಗನಿಗೆ ತಾಯಿ, "ದೊರೆಗಳಿಗೆ ಬೆಳಗಾಯ್ತಾ? ಕಾಫಿ ಇಲ್ಲಿಗೇ ತರಲಾ, ಕೋಣೆಗೇ ಕಳಿಸಬೇಕಾ?" ಎನ್ನುತ್ತಾಳೆ. ದಿನವೂ "ಏಳೋ, ಬಾರೋ" ಎನ್ನುವ ಬಾಯಿಗೆ ಬಹುವಚನ ಬಂತೆಂದರೆ ಮನೆಯಲ್ಲಿ ಗುಡುಗು ಹತ್ತಿರದಲ್ಲಿದೆ ಎಂದು ಮಗನಿಗೆ ಗೊತ್ತು. ಇಲ್ಲಿ ಮಗ ಹಿಂದೆ ಆಡಿದ ಯಾವ ಮಾತೂ ಇಲ್ಲ. ತಾಯಿ ಒಂದು ಅರಮನೆಯನ್ನೂ ಅಲ್ಲಿನ ಊಳಿಗದವಳನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ, ಆ ಊಳಿಗದವಳ ಪಾತ್ರಕ್ಕೆ ಇಳಿದಿದ್ದಾಳೆ. ನೀನು, ನೀವು, ತಾವು ಎಂಬ ಮೆಟ್ಟಿಲುಗಳಿರುವ ಭಾಷೆಯಲ್ಲಿ ವೇಷ ಹಾಕಲು ಬಣ್ಣ ಬೇಕಿಲ್ಲ, ಒಂದು ಮೆಟ್ಟಿಲು ಹತ್ತಿದರೆ ಸಾಕು. ಜಗಳವಾಡಿದ ಗಂಡ ಹೆಂಡತಿಯರ ನಡುವೆ, ಮುನಿಸಿಕೊಂಡ ಗೆಳೆಯರ ನಡುವೆ ಇದ್ದಕ್ಕಿದ್ದಂತೆ 'ತಾವು' ಬರುವುದೂ ಹೀಗೆಯೇ.

ಹಾಗಾದರೆ ಯಾರು ಸರಿ? ನನಗೆ ನಿರ್ಣಾಯಕವಾಗಿ ಕಾಣುವುದು ದನಿಯ ಪ್ರಶ್ನೆ. ಸೋಗಿನ ವಾದ ಪೂರ್ತಿ ನಿಜವಾದರೆ ವ್ಯಂಗ್ಯವಾಡುವವರು ತಾವು ಹಾಕಿದ ಪಾತ್ರದ ದನಿಯಲ್ಲೇ ಮಾತನಾಡಬೇಕು. ಪ್ಲಂಬರ್ ಹೊತ್ತಿಗೆ ಬಂದನೆಂದು ನಿಜಕ್ಕೂ ನಂಬಿದ ಹೆಂಗಸಿನ ದನಿ ಹೇಗಿರುತ್ತದೆ? ಹಗುರವಾಗಿ, ಸಂತೋಷವಾಗಿ, ಚುರುಕಾಗಿ ಇರುತ್ತದೆ. ನಮ್ಮ ಮನೆಯಾಕೆಯ ದನಿ ಹಾಗಿಲ್ಲ. ಅದು ಎಳೆದದ್ದು, ಒಣಗಿದ್ದು, ಅದರಲ್ಲಿ ಬೇಸರ ಸೋರುತ್ತಿದೆ. ಆ ಬೇಸರ ಪಾತ್ರದ್ದಲ್ಲ, ಆಕೆಯದೇ. ಮಾತು ಒಬ್ಬರದು, ದನಿ ಇನ್ನೊಬ್ಬರದು ಎನ್ನುವುದು ಪ್ರತಿಧ್ವನಿ ವಾದಕ್ಕೆ ಸಹಜವಾಗಿ ಕೂಡುತ್ತದೆ, ವೇಷಕ್ಕೆ ಕೂಡುವುದಿಲ್ಲ. ಸ್ಪರ್ಬರ್ ಮತ್ತು ವಿಲ್ಸನ್ ಈ ಅಂಶವನ್ನು ಮತ್ತೆ ಮತ್ತೆ ಎತ್ತಿದ್ದಾರೆ. ಇದಕ್ಕೆ ತೃಪ್ತಿಕರ ಉತ್ತರವನ್ನು ನಾನು ಕಂಡಿಲ್ಲ.

ಕಾರಿನ ಗಾಜಿನ ಪ್ರಸಂಗವೂ ಸೋಗಿನ ವಾದಕ್ಕೆ ತೊಡಕು. ಒಡೆದ ಗಾಜನ್ನು ಕಾಣದ ಮೂರ್ಖನಂತೆ ನಟಿಸಲು ಅಡ್ಡಿಯೇನೂ ಇಲ್ಲ. ನಟನೆಯಷ್ಟೇ ಸಾಕಾಗಿದ್ದರೆ ಅಲ್ಲೂ ವ್ಯಂಗ್ಯ ಹುಟ್ಟಬೇಕಿತ್ತು. ಅಂಥ ಮೂರ್ಖತನ ಯಾರಿಗಾದರೂ ನಿಜವಾಗಿ ಇದ್ದಿರಬೇಕು ಅಥವಾ ಇರಬಹುದು ಎಂದು ಅನ್ನಿಸಬೇಕು. ಹಾಗೆ ಸೇರಿಸಿದ ಕೂಡಲೇ ಸೋಗಿನ ವಾದದೊಳಗೆ ಪ್ರತಿಧ್ವನಿ ಹಿಂಬಾಗಿಲಿನಿಂದ ಬಂದುಬಿಡುತ್ತದೆ. ಸ್ವಿಫ್ಟ್‌ನ ಕರಪತ್ರ ಓದುಗರನ್ನು ತಾಗಿದ್ದೂ ಮಕ್ಕಳನ್ನು ತಿನ್ನಿ ಎಂದು ಯಾರೋ ಹೇಳಿದ್ದರೆಂದಲ್ಲ. ಬಡವರನ್ನು ಲೆಕ್ಕದ ಸರಕಾಗಿ ನೋಡುವ ಯೋಚನೆ ಆ ಕಾಲದ ಸಲಹೆಗಾರರಲ್ಲಿ ನಿಜವಾಗಿಯೂ ಇತ್ತು, ಅದನ್ನು ಅದರ ಕೊನೆಯವರೆಗೆ ಎಳೆದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಅವನು ತೋರಿಸಿದ. ತಾಯಿ ಕಟ್ಟಿದ ಅರಮನೆಯೂ ಹಾಗೆಯೇ. ಮನೆಯವರೆಲ್ಲ ತನ್ನ ಸೇವೆಗೇ ಇದ್ದಾರೆ ಎಂಬಂತೆ ನಡೆದುಕೊಳ್ಳುವ ಮಗನ ತಲೆಯೊಳಗಿನ ಯೋಚನೆ ಅದು, ತಾಯಿ ಅದಕ್ಕೆ ಬಾಯಿ ಕೊಟ್ಟಿದ್ದಾಳೆ. ಹೊತ್ತಿಗೆ ಮುಂಚೆ ಎದ್ದು ನೀರು ಹಿಡಿದಿಟ್ಟ ಮಗನಿಗೆ ಅದೇ "ದೊರೆಗಳಿಗೆ ಬೆಳಗಾಯ್ತಾ" ಎಂದು ಹೇಳಿದರೆ ಅದು ಮುದ್ದಿನ ಮಾತಾಗುತ್ತದೆ, ಕೊಂಕು ಆಗುವುದಿಲ್ಲ. ವೇಷ ಎರಡು ಸಲವೂ ಒಂದೇ. ಆದ್ದರಿಂದ ವ್ಯಂಗ್ಯದ ಬೇರು ಪ್ರತಿಧ್ವನಿಯಲ್ಲಿದೆ, ವೇಷ ಅದನ್ನು ಹೊರಗೆ ತರುವ ಹಲವು ದಾರಿಗಳಲ್ಲಿ ಒಂದು ಎಂದು ನಾನು ತಿಳಿಯುತ್ತೇನೆ. ದೀರ್ಘ ಬರಹಕ್ಕೂ ಅಣಕಕ್ಕೂ ಆ ದಾರಿ ಬೇಕೇ ಬೇಕು.

ಯಾವ ವಾದ ಹಿಡಿದರೂ ಕೇಳುಗನ ತಲೆಯಲ್ಲಿ ಆಗಬೇಕಾದ ಕೆಲಸ ಸಣ್ಣದಲ್ಲ. ವಾಸ್ತವ ಏನೆಂದು ಅವನಿಗೆ ತಿಳಿದಿರಬೇಕು. ಅದು ಹೇಳುವವರಿಗೂ ತಿಳಿದಿದೆ ಎಂದು ತಿಳಿದಿರಬೇಕು. ಈ ಯೋಚನೆ ಹೇಳುವವರದಲ್ಲ, ಇನ್ನೊಬ್ಬರದು ಎಂದು ಗುರುತಿಸಬೇಕು. ಆ ಯೋಚನೆಯ ಬಗ್ಗೆ ಹೇಳುವವರ ಮನೋಭಾವ ಏನೆಂದೂ ಊಹಿಸಬೇಕು. ಒಂದು ಯೋಚನೆಯ ಬಗೆಗಿನ ಇನ್ನೊಂದು ಯೋಚನೆಯನ್ನು ಹಿಡಿಯುವ ಈ ಶಕ್ತಿ ಮಕ್ಕಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಹಾಲು ಚೆಲ್ಲಿದ ನಾಲ್ಕು ವರ್ಷದ ಮಗುವಿಗೆ "ಎಂಥ ಜಾಣೆ!" ಎಂದರೆ ಅದು ಹಲ್ಲು ಬಿಟ್ಟು ನಗಬಹುದು. ಇನ್ನೂ ಸ್ವಲ್ಪ ದೊಡ್ಡದಾದರೆ, "ಇಲ್ಲ, ನೀನು ಸುಳ್ಳು ಹೇಳ್ತಿದ್ದೀಯ" ಎನ್ನುತ್ತದೆ. ಮಾತಿಗೂ ವಾಸ್ತವಕ್ಕೂ ಹೊಂದಿಕೆಯಿಲ್ಲ ಎಂಬುದು ಅದಕ್ಕೆ ಗೊತ್ತಾಗಿದೆ, ಆದರೆ ನಂಬಿಸಲು ಹೇಳಿದ್ದಕ್ಕೂ ನಂಬಬೇಡ ಎಂದು ಹೇಳಿದ್ದಕ್ಕೂ ಇರುವ ವ್ಯತ್ಯಾಸ ಸಿಕ್ಕಿಲ್ಲ. ಆರರ ಆಸುಪಾಸಿನಲ್ಲಿ ಅದು ಸಿಗತೊಡಗುತ್ತದೆ. ವ್ಯಂಗ್ಯದಲ್ಲಿರುವ ನಗು ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕು. ಪುಟ್ಟ ಮಕ್ಕಳನ್ನು ಕೊಂಕು ನುಡಿದು ತಿದ್ದಲು ಹೋಗುವವರು ಇದನ್ನು ಗಮನಿಸಬೇಕು. ಮಗುವಿಗೆ ಮುಟ್ಟುವುದು ದನಿಯ ಕಹಿ ಮಾತ್ರ, ಯಾವ ತಪ್ಪಿಗೆ ಎಂಬುದು ಮುಟ್ಟುವುದಿಲ್ಲ.

ದೊಡ್ಡವರಲ್ಲೂ ಇದು ತಪ್ಪುತ್ತದೆ, ಅದರಲ್ಲೂ ದನಿ ಕಳಚಿದಾಗ. ತಪ್ಪಿದೆ ಎಂದು ಗುರುತಿಸುವುದು ಸುಲಭ. ಕೇಳುಗ ಧೋರಣೆಗೆ ಉತ್ತರಿಸದೆ ಮಾತಿಗೆ ಉತ್ತರಿಸುತ್ತಾನೆ. ವಾಟ್ಸ್ಯಾಪಿನಲ್ಲಿ "ತುಂಬಾ ಬೇಗ ಕಳಿಸಿದ್ದೀಯ" ಎಂದು ಬರೆದರೆ, "ಥ್ಯಾಂಕ್ಸ್ ಅಣ್ಣ" ಎಂದು ಮರುತ್ತರ ಬರುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಇನ್ನೂ ನೋವಿನದು. ಮನಸಾರೆ ಬರೆದ "ತುಂಬಾ ಚೆನ್ನಾಗಿ ಮಾಡಿದ್ದೀರಿ" ಎಂಬುದನ್ನು ಆಚೆ ಬದಿಯವರು ಕುಹಕ ಎಂದು ಓದಿಕೊಂಡು ತಿಂಗಳುಗಟ್ಟಲೆ ಮಾತು ಬಿಡುವುದುಂಟು. ತಮ್ಮ ಕೆಲಸ ಚೆನ್ನಾಗಿಲ್ಲ ಎಂಬ ಅಳುಕು ಅವರಲ್ಲಿ ಮೊದಲೇ ಇದ್ದರೆ, ಆ ಹೊಗಳಿಕೆ ಯಾರದೋ ಹುಸಿ ನಿರೀಕ್ಷೆಯ ಪ್ರತಿಧ್ವನಿಯಂತೆ ಅವರಿಗೆ ಕೇಳಿಸುತ್ತದೆ.

ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಅಳತೆಯನ್ನು ತೋರಿಸುತ್ತವೆ. ಕೆಲವು ವಾಕ್ಯಗಳನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ಮುಟ್ಟಿಸಬೇಕಿತ್ತು, ಅರ್ಧ ಜನ ಇಮೇಲಿನಲ್ಲಿ, ಅರ್ಧ ಜನ ದನಿಯಲ್ಲಿ. ಎರಡೂ ಗುಂಪಿನವರು ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸರಿಯಾಗಿ ಮುಟ್ಟುತ್ತದೆ ಎಂದು ಎಣಿಸಿದರು. ದನಿಯಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಅಷ್ಟೇ ಮುಟ್ಟಿತು. ಇಮೇಲಿನದು ಅರ್ಧಕ್ಕಿಂತ ತುಸು ಮಾತ್ರ ಮೇಲಿತ್ತು, ಅಂದರೆ ಕಣ್ಣುಮುಚ್ಚಿ ಊಹಿಸಿದರೆ ಎಷ್ಟು ಸರಿಯಾಗುತ್ತದೋ ಹತ್ತಿರ ಹತ್ತಿರ ಅಷ್ಟೇ. ಬರೆಯುವವರಿಗೆ ತಮ್ಮ ವಾಕ್ಯ ತಮ್ಮ ತಲೆಯೊಳಗೆ ದನಿ ಸಮೇತ ಕೇಳಿಸುತ್ತಿರುತ್ತದೆ, ಓದುವವರಿಗೆ ಅದು ಹೋಗುವುದಿಲ್ಲ. ಇನ್ನೊಂದು ಪ್ರಯೋಗದಲ್ಲಿ ಬರೆದವರಿಗೆ ತಮ್ಮ ವಾಕ್ಯಗಳನ್ನು ಉದ್ದೇಶಕ್ಕೆ ವಿರುದ್ಧವಾದ ದನಿಯಲ್ಲಿ ಗಟ್ಟಿಯಾಗಿ ಓದಿಸಲಾಯಿತು, ವ್ಯಂಗ್ಯವನ್ನು ನೇರವಾಗಿ, ನೇರವಾದದ್ದನ್ನು ವ್ಯಂಗ್ಯವಾಗಿ. ಹಾಗೆ ಓದಿದವರ ಅತಿವಿಶ್ವಾಸ ಇಳಿಯಿತು. ಮೆಚ್ಚುಗೆಯ ಒಂದು ಸಾಲು ಬರೆದು ಕಳಿಸುವ ಮುಂಚೆ, ಅದನ್ನು ಒಮ್ಮೆ ಕೊಂಕಿನ ದನಿಯಲ್ಲಿ ಬಾಯಿಬಿಟ್ಟು ಓದಿ ನೋಡಬಹುದು. ಅದು ಆ ದನಿಗೂ ಸರಾಗವಾಗಿ ಒಗ್ಗಿದರೆ, ಯಾವ ಕೆಲಸ ಯಾಕೆ ಹಿಡಿಸಿತು ಎಂದು ಇನ್ನೊಂದು ಸಾಲು ಸೇರಿಸಿ ಕಳಿಸುವುದು ಒಳ್ಳೆಯದು.